ಜ್ವರ ಬಂದ ದಿನವೇ ಒಂದನೇ ದಿನ



ಮಳೆಗಾಲ ಬಂತೆಂದರೆ ಊರಿನಲ್ಲಿ ಒಂದು ಮನೆಯ ಹಿಂದೆ ಇನ್ನೊಂದು ಮನೆಗೆ ಜ್ವರ. ರೋಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ ಕೂಡಲೇ ನರ್ಸ್ ಕೇಳುವ ಮೊದಲ ಪ್ರಶ್ನೆ, "ಎಷ್ಟು ದಿನದಿಂದ ಜ್ವರ?" ನಾವು "ಎರಡು ಮೂರು ದಿನ ಆಯ್ತು ಸಿಸ್ಟರ್" ಅಂತ ಹೇಳಿ ಮುಗಿಸುತ್ತೇವೆ. ಎರಡೋ ಮೂರೋ, ಅದರಲ್ಲಿ ಏನು ದೊಡ್ಡ ವ್ಯತ್ಯಾಸ ಅಂತ ನಮಗೆ ಅನ್ನಿಸುತ್ತದೆ. ಆದರೆ ಡೆಂಗ್ಯೂ ಜ್ವರದಲ್ಲಿ ಈ ಒಂದು ದಿನದ ವ್ಯತ್ಯಾಸದಿಂದ ತಪ್ಪು ರಕ್ತಪರೀಕ್ಷೆ ಆಗಬಹುದು, ಅಪಾಯದ ದಿನವನ್ನು ಗುಣವಾಗುವ ದಿನ ಅಂದುಕೊಂಡು ಮಗುವನ್ನು ಮನೆಗೆ ಕರೆದುಕೊಂಡು ಬರುವ ಹಾಗೂ ಆಗಬಹುದು. ಆದುದರಿಂದ ಆಸ್ಪತ್ರೆಯ ಚೀಟಿಯಲ್ಲಿ ಕಾಯಿಲೆಯ ದಿನವನ್ನು ಹೇಗೆ ಎಣಿಸುತ್ತಾರೆ, ನಾವು ಹೇಗೆ ಎಣಿಸಿ ಹೇಳಬೇಕು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಕೂಲಿ ಲೆಕ್ಕ, ಬಡ್ಡಿ ಲೆಕ್ಕ

ನಮ್ಮ ಸಂಘದ ಲೆಕ್ಕವನ್ನೇ ನೆನಪು ಮಾಡಿಕೊಳ್ಳಿ. ಒಬ್ಬ ಸದಸ್ಯೆ 1ನೇ ತಾರೀಖು ಸಾಲ ತೆಗೆದುಕೊಂಡು 10ನೇ ತಾರೀಖು ವಾಪಸ್ ಕಟ್ಟಿದರೆ ಬ್ಯಾಂಕಿನವರು ಒಂಬತ್ತು ದಿನಕ್ಕೆ ಬಡ್ಡಿ ಹಾಕುತ್ತಾರೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು. ಆದರೆ ಅದೇ ಸದಸ್ಯೆ 1ನೇ ತಾರೀಖಿನಿಂದ 10ನೇ ತಾರೀಖಿನವರೆಗೆ ತೋಟದ ಕೆಲಸಕ್ಕೆ ಹೋಗಿದ್ದರೆ ಎಷ್ಟು ದಿನದ ಕೂಲಿ ಕೇಳುತ್ತಾಳೆ? ಹತ್ತು ದಿನದ್ದು. ಮೊದಲನೇ ದಿನವೂ ದುಡಿದಿದ್ದಾಳೆ, ಕೊನೇ ದಿನವೂ ದುಡಿದಿದ್ದಾಳೆ.

ಕಾಯಿಲೆಯ ದಿನದ ಲೆಕ್ಕ ಕೂಲಿ ಲೆಕ್ಕದ ಹಾಗೆ, ಬಡ್ಡಿ ಲೆಕ್ಕದ ಹಾಗಲ್ಲ. ಜ್ವರ ಶುರುವಾದ ತಾರೀಖೇ ಒಂದನೇ ದಿನ. ಮಾರನೇ ದಿನ ಎರಡನೇ ದಿನ. ಹೀಗೆ ಇವತ್ತಿನ ದಿನವನ್ನೂ ಸೇರಿಸಿ ಎಣಿಸಬೇಕು. ತಾರೀಖಿನಿಂದ ಲೆಕ್ಕ ಹಾಕುವುದಾದರೆ ಇವತ್ತಿನ ತಾರೀಖಿನಲ್ಲಿ ಜ್ವರ ಬಂದ ತಾರೀಖನ್ನು ಕಳೆದು ಒಂದು ಕೂಡಿಸಬೇಕು. 8ರಂದು ಜ್ವರ ಬಂದಿದ್ದು, ಇವತ್ತು 12 ಆಗಿದ್ದರೆ, 12ರಲ್ಲಿ 8 ಹೋದರೆ 4, ಒಂದು ಕೂಡಿಸಿದರೆ 5. ಇವತ್ತು ಐದನೇ ದಿನ. ತಿಂಗಳು ಬದಲಾಗಿದ್ದರೆ ಬೆರಳಿನಲ್ಲಿ ಎಣಿಸುವುದೇ ಒಳ್ಳೆಯದು. ಜುಲೈ 30ಕ್ಕೆ ಬಂದ ಜ್ವರ ಆಗಸ್ಟ್ 3ಕ್ಕೆ ಎಷ್ಟನೇ ದಿನ? ಮೂವತ್ತು, ಮೂವತ್ತೊಂದು, ಒಂದು, ಎರಡು, ಮೂರು. ಐದು ಬೆರಳು ಮಡಿಸಿತು, ಐದನೇ ದಿನ.

ಇಲ್ಲಿ ಮಾತಿನ ಒಂದು ತೊಡಕು ಇದೆ. "ಐದನೇ ದಿನ" ಎನ್ನುವುದು ಬೇರೆ, "ಐದು ದಿನ ಆದ ಮೇಲೆ" ಎನ್ನುವುದು ಬೇರೆ. ಮೊದಲನೇ ದಿನವನ್ನು ಒಂದು ಅಂತ ಹಿಡಿದರೆ, ಐದು ದಿನ ಕಳೆದ ಮೇಲೆ ಬರುವುದು ಆರನೇ ದಿನ. ಡಾಕ್ಟರು "ಐದು ದಿನ ಆದ ಮೇಲೆ ಬನ್ನಿ" ಅಂದರೆ ಯಾವ ತಾರೀಖು ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ.

ರಾತ್ರಿ ಬಂದ ಜ್ವರವನ್ನು ಯಾವ ದಿನಕ್ಕೆ ಸೇರಿಸಬೇಕು?

ಮಂಗಳವಾರ ರಾತ್ರಿ ಒಂಬತ್ತೂವರೆಗೆ ಮೈ ಬಿಸಿಯಾಯಿತು ಅಂತ ಇಟ್ಟುಕೊಳ್ಳಿ. ಆ ದಿನ ಮುಗಿಯಲು ಎರಡೂವರೆ ಗಂಟೆ ಮಾತ್ರ ಇದೆ. ಆದರೂ ಒಂದನೇ ದಿನ ಮಂಗಳವಾರವೇ. ಕಾಯಿಲೆಯ ದಿನವನ್ನು ತಾರೀಖಿನ ಪ್ರಕಾರ ಎಣಿಸುತ್ತಾರೆ, ಇಪ್ಪತ್ನಾಲ್ಕು ಗಂಟೆ ತುಂಬಲಿ ಅಂತ ಕಾಯುವುದಿಲ್ಲ.

ಇನ್ನೊಂದು ಸಂಗತಿ. ನಾವು ಹಳ್ಳಿಯಲ್ಲಿ "ಮಂಗಳವಾರ ರಾತ್ರಿ ಒಂದು ಗಂಟೆಗೆ ಚಳಿ ಬಂತು" ಅನ್ನುತ್ತೇವೆ. ನಮಗೆ ಬೆಳಗಾದರೆ ಮಾತ್ರ ಹೊಸ ದಿನ. ಆದರೆ ಆಸ್ಪತ್ರೆಯ ಲೆಕ್ಕದಲ್ಲಿ ರಾತ್ರಿ ಹನ್ನೆರಡು ದಾಟಿದ ಮೇಲೆ ಬುಧವಾರ. ಹೀಗಾಗಿ ಬರೀ "ಮಂಗಳವಾರ ರಾತ್ರಿ" ಅಂದರೆ ಕೇಳಿದವರಿಗೆ ಯಾವ ತಾರೀಖು ಅಂತ ಗೊತ್ತಾಗುವುದಿಲ್ಲ. ಗಂಟೆಯನ್ನೂ ಹೇಳಿಬಿಟ್ಟರೆ ಈ ಗೊಂದಲ ಇರುವುದಿಲ್ಲ.

ಜ್ವರಕ್ಕಿಂತ ಒಂದು ದಿನ ಮೊದಲೇ ಮೈಕೈ ನೋವು, ಸುಸ್ತು ಇದ್ದರೆ? ಅದನ್ನೂ ಹೇಳಿ, ಆದರೆ ಬೇರೆಯಾಗಿ ಹೇಳಿ: "ಸೋಮವಾರ ಮೈಕೈ ನೋವು, ಮಂಗಳವಾರ ಜ್ವರ." ಡೆಂಗ್ಯೂವಿನಲ್ಲಿ ಸಾಮಾನ್ಯವಾಗಿ ಜ್ವರ ಬಂದ ದಿನದಿಂದ ಎಣಿಸುತ್ತಾರೆ. ಎರಡೂ ಗೊತ್ತಿದ್ದರೆ ಡಾಕ್ಟರು ತೀರ್ಮಾನ ಮಾಡಿಕೊಳ್ಳುತ್ತಾರೆ.

ಒಂದು ಮನೆಯ ಉದಾಹರಣೆ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹನ್ನೊಂದು ವರ್ಷದ ಹುಡುಗಿ. ಜುಲೈ 8, ಮಂಗಳವಾರ ರಾತ್ರಿ ಒಂಬತ್ತೂವರೆಗೆ ಜ್ವರ ಬಂತು. ಬುಧವಾರ ಪ್ಯಾರಾಸಿಟಮಾಲ್ ಕೊಟ್ಟು ಮನೆಯಲ್ಲೇ ಮಲಗಿಸಿದರು. ಗುರುವಾರ, 10ಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಶನಿವಾರ, 12ಕ್ಕೆ ಬೆಳಿಗ್ಗೆ ಜ್ವರ ಬಿಟ್ಟಿತು, ಆದರೆ ಹೊಟ್ಟೆನೋವು ಶುರುವಾಯಿತು.

ಶನಿವಾರ ಎಷ್ಟನೇ ದಿನ ಅಂತ ಮನೆಯವರನ್ನು ಕೇಳಿದರೆ ಏನಾಗುತ್ತದೆ ನೋಡಿ. ತಾಯಿ 12ರಲ್ಲಿ 8 ಕಳೆದು "ನಾಲ್ಕು ದಿನ" ಅನ್ನುತ್ತಾಳೆ. ಅಜ್ಜಿ "ಮಂಗಳವಾರ ರಾತ್ರಿ ಬಂದದ್ದಲ್ವಾ, ಅದು ಲೆಕ್ಕಕ್ಕಿಲ್ಲ" ಅಂತ ಬುಧವಾರದಿಂದ ಎಣಿಸಿ ನಾಲ್ಕನೇ ದಿನ ಅನ್ನುತ್ತಾರೆ. ತಂದೆಗೆ ಡಾಕ್ಟರಿಗೆ ತೋರಿಸಿದ ಗುರುವಾರ ಮಾತ್ರ ನೆನಪು, ಅವರ ಪ್ರಕಾರ ಮೂರನೇ ದಿನ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಚೀಟಿಯಲ್ಲಿ ಇರಬೇಕಾದದ್ದು ಐದನೇ ದಿನ. ಈ ಐದು ಎಂಬ ಅಂಕಿಯಿಂದ ಡಾಕ್ಟರಿಗೆ ಎರಡು ವಿಷಯ ಗೊತ್ತಾಗಬೇಕು: ಯಾವ ರಕ್ತಪರೀಕ್ಷೆ ಮಾಡಬೇಕು, ಮತ್ತು ಮಗು ಈಗ ಕಾಯಿಲೆಯ ಯಾವ ಘಟ್ಟದಲ್ಲಿದೆ.

ಯಾವ ದಿನಕ್ಕೆ ಯಾವ ರಕ್ತಪರೀಕ್ಷೆ

ಡೆಂಗ್ಯೂವಿಗೆ ಮುಖ್ಯವಾಗಿ ಎರಡು ಪರೀಕ್ಷೆ ಇವೆ. ಒಂದು ಎನ್‌ಎಸ್‌1. ಇದು ವೈರಸ್ಸಿನದೇ ಒಂದು ಅಂಶವನ್ನು ರಕ್ತದಲ್ಲಿ ಹುಡುಕುತ್ತದೆ. ಜ್ವರದ ಮೊದಲ ದಿನಗಳಲ್ಲಿ ಅದು ಹೆಚ್ಚಿರುತ್ತದೆ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಇದನ್ನು ಒಂದನೇ ದಿನದಿಂದ ಐದನೇ ದಿನದವರೆಗೆ ಮಾಡುತ್ತಾರೆ. ಇನ್ನೊಂದು ಐಜಿಎಂ. ಇದು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ಶರೀರ ತಯಾರಿಸುವ ರಕ್ಷಣೆಯ ವಸ್ತುವನ್ನು. ಶರೀರ ಅದನ್ನು ತಯಾರಿಸಲು ಸಮಯ ಬೇಕು, ಹಾಗಾಗಿ ಐದನೇ ದಿನ ಕಳೆದ ಮೇಲೆ ಈ ಪರೀಕ್ಷೆ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ ಐದನೇ ದಿನದ ಹೊತ್ತಿಗೆ ನೂರಕ್ಕೆ ಎಂಬತ್ತು ರೋಗಿಗಳಲ್ಲಿ ಐಜಿಎಂ ಸಿಗುತ್ತದೆ, ಹತ್ತನೇ ದಿನದ ಹೊತ್ತಿಗೆ ನೂರಕ್ಕೆ ತೊಂಬತ್ತೊಂಬತ್ತು ಮಂದಿಯಲ್ಲಿ.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬನ್ನಿ. ಗುರುವಾರ ಮೂರನೇ ದಿನ. ಆ ದಿನ ಮಾಡಬೇಕಾದದ್ದು ಎನ್‌ಎಸ್‌1. ಆ ದಿನ ಐಜಿಎಂ ಮಾತ್ರ ಮಾಡಿಸಿ ಅದರಲ್ಲಿ "ನೆಗೆಟಿವ್" ಅಂತ ಬಂದರೆ ಡೆಂಗ್ಯೂ ಇಲ್ಲ ಅಂತ ಹೇಳಲಾಗುವುದಿಲ್ಲ, ಏಕೆಂದರೆ ಅದು ರಕ್ತದಲ್ಲಿ ಕಾಣಿಸಿಕೊಳ್ಳುವ ಹೊತ್ತೇ ಇನ್ನೂ ಆಗಿಲ್ಲ. ಅದೇ ರೀತಿ ಏಳನೇ ದಿನ ಹೋಗಿ, ದಿನ ತಪ್ಪಾಗಿ ಹೇಳಿ, ಬರೀ ಎನ್‌ಎಸ್‌1 ಮಾಡಿಸಿದರೆ ಇದ್ದ ಕಾಯಿಲೆಯೂ ಸಿಗದೆ ಹೋಗಬಹುದು. ಐದು, ಆರನೇ ದಿನದ ಗಡಿಯಲ್ಲಂತೂ ಒಂದು ದಿನದ ತಪ್ಪು ಲೆಕ್ಕ ಪರೀಕ್ಷೆಯನ್ನೇ ಬದಲಾಯಿಸುತ್ತದೆ. ಸರಿಯಾದ ದಿನ ಮಾಡಿದ ಪರೀಕ್ಷೆಯೂ ಕೆಲವೊಮ್ಮೆ ಕಾಯಿಲೆಯನ್ನು ತಪ್ಪಿಸಿಬಿಡುತ್ತದೆ ಎಂಬುದು ನೆನಪಿರಲಿ. ನೆಗೆಟಿವ್ ಬಂದರೂ ರೋಗಿಯ ಲಕ್ಷಣ ನೋಡಿಯೇ ಡಾಕ್ಟರು ಮುಂದುವರಿಯುತ್ತಾರೆ.

ಜ್ವರ ಬಿಟ್ಟ ದಿನವೇ ಎಚ್ಚರದ ದಿನ

ಬೇರೆ ಅನೇಕ ಜ್ವರಗಳಲ್ಲಿ ಜ್ವರ ಇಳಿದರೆ ಸಾಮಾನ್ಯವಾಗಿ ಗುಣವಾಗುತ್ತಿದೆ ಅಂತ ಅರ್ಥ. ಡೆಂಗ್ಯೂವಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಅದೇ ಹೊತ್ತಿಗೆ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ನೀರು ಸೋರಿದಂತೆ ನಾಳದೊಳಗಿನ ರಕ್ತ ಗಟ್ಟಿಯಾಗುತ್ತದೆ, ಹೊಟ್ಟೆ ಮತ್ತು ಎದೆಯಲ್ಲಿ ನೀರು ತುಂಬಬಹುದು, ರಕ್ತದ ಒತ್ತಡ ಇಳಿಯಬಹುದು. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಆಮೇಲೆ ಹೊರಗೆ ಹೋದ ನೀರು ತಾನಾಗಿಯೇ ರಕ್ತನಾಳಕ್ಕೆ ವಾಪಸ್ ಬರುತ್ತದೆ, ರೋಗಿಗೆ ಹಸಿವಾಗುತ್ತದೆ, ಮೂತ್ರ ಚೆನ್ನಾಗಿ ಹೋಗುತ್ತದೆ.

ನಮ್ಮ ಹುಡುಗಿಗೆ ಗುರುವಾರ, ಅಂದರೆ ಮೂರನೇ ದಿನ, ಪ್ಲೇಟ್‌ಲೆಟ್ 1,40,000 ಇತ್ತು. ರಕ್ತ ಎಷ್ಟು ಗಟ್ಟಿ ಎಂದು ತೋರಿಸುವ ಪಿಸಿವಿ 36 ಇತ್ತು ಅಂತ ಇಟ್ಟುಕೊಳ್ಳಿ. ಶನಿವಾರ, ಐದನೇ ದಿನ, ಜ್ವರ ಇಲ್ಲ. ಆದರೆ ಪ್ಲೇಟ್‌ಲೆಟ್ 62,000ಕ್ಕೆ ಇಳಿದಿದೆ, ಪಿಸಿವಿ 44ಕ್ಕೆ ಏರಿದೆ. ಒಂದು ಇಳಿದು ಇನ್ನೊಂದು ಏರಿದರೆ ನೀರಿನಂಶ ಸೋರುತ್ತಿದೆ ಎಂಬ ಸೂಚನೆ. ಚೀಟಿಯಲ್ಲಿ "ಐದನೇ ದಿನ, ಇವತ್ತು ಬೆಳಿಗ್ಗೆ ಜ್ವರ ಬಿಟ್ಟಿದೆ, ಹೊಟ್ಟೆನೋವು" ಅಂತ ಇದ್ದರೆ ಡಾಕ್ಟರು ಮಗುವನ್ನು ಮನೆಗೆ ಕಳುಹಿಸದೆ ದಾಖಲು ಮಾಡಿಕೊಳ್ಳುತ್ತಾರೆ. ಅದರ ಬದಲು "ಮೂರು ದಿನದ ಜ್ವರ, ಈಗ ಇಲ್ಲ" ಅಂತ ಇದ್ದರೆ, ಸಾಮಾನ್ಯ ಜ್ವರ, ಬೇಗ ವಾಸಿಯಾಗಿದೆ ಅಂತ ಅಂದುಕೊಳ್ಳುವ ಸಂಭವ ಇದೆ.

ಜ್ವರ ನಿಜವಾಗಿ ಬಿಟ್ಟಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಕೆಲವು ಗಂಟೆ ಮೈ ತಣ್ಣಗಾಗಿ ಮತ್ತೆ ಬಿಸಿಯಾದರೆ ಅದು ಮಾತ್ರೆಯ ಕೆಲಸ, ಜ್ವರ ಬಿಟ್ಟಂತಲ್ಲ. ಮಾತ್ರೆ ಇಲ್ಲದೆಯೂ ಥರ್ಮಾಮೀಟರಿನಲ್ಲಿ 100 ಡಿಗ್ರಿಯ ಒಳಗೇ ನಿಂತರೆ ಜ್ವರ ಬಿಟ್ಟಿದೆ ಅಂತ ತಿಳಿಯಬಹುದು. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಕೊನೆಯ ಸಲ ಮೈ ಬಿಸಿ ಇದ್ದದ್ದು ಯಾವಾಗ, ಇವೆರಡನ್ನೂ ಬರೆದಿಡಿ. ಡೆಂಗ್ಯೂ ಸಂಶಯ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಡಬಾರದು, ಅವು ರಕ್ತಸ್ರಾವ ಹೆಚ್ಚಿಸಬಹುದು.

ಹೊಟ್ಟೆನೋವು ಬಿಡದೇ ಇರುವುದು, ಪದೇ ಪದೇ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಮಂಕಾಗಿರುವುದು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು, ನಾಲ್ಕರಿಂದ ಆರು ಗಂಟೆ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ಎಷ್ಟನೇ ದಿನ ಅಂತ ಎಣಿಸುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ದಿನದ ಲೆಕ್ಕ ಯಾವಾಗ ಹೆಚ್ಚು ಎಚ್ಚರ ಬೇಕು ಅಂತ ಹೇಳುತ್ತದೆ, ಅಷ್ಟೇ. ಎಲ್ಲರಿಗೂ ಒಂದೇ ದಿನಕ್ಕೆ ಜ್ವರ ಇಳಿಯುವುದಿಲ್ಲ, ಎಲ್ಲರಿಗೂ ಸೋರಿಕೆ ಆಗುವುದೂ ಇಲ್ಲ.

ಲೆಕ್ಕ ಎಲ್ಲಿ ಕೈತಪ್ಪುತ್ತದೆ

ಮೊದಲನೆಯದು, ನಡುವೆ ಜ್ವರ ಇಳಿದು ಮತ್ತೆ ಬಂದಾಗ. ಡೆಂಗ್ಯೂವಿನಲ್ಲಿ ಒಂದೆರಡು ದಿನ ಜ್ವರ ಬಿಟ್ಟು ಪುನಃ ಬರುವುದುಂಟು. ಆಗ ಕೆಲವರು ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಮೊದಲ ಸಲ ಬಂದ ತಾರೀಖಿನಿಂದಲೇ ಲೆಕ್ಕ ಮುಂದುವರಿಯಲಿ. "ನಡುವೆ ಇಂಥ ದಿನ ಜ್ವರ ಇರಲಿಲ್ಲ" ಅಂತ ಮಾತ್ರ ಹೇಳಿ.

ಎರಡನೆಯದು, ಆಸ್ಪತ್ರೆಗೆ ಸೇರಿದ ದಿನ. ವಾರ್ಡಿನಲ್ಲಿ "ಇವತ್ತು ಮೂರನೇ ದಿನ" ಅಂದರೆ ಅದು ಅಡ್ಮಿಟ್ ಆಗಿ ಮೂರನೇ ದಿನವೂ ಆಗಿರಬಹುದು. ನಮ್ಮ ಹುಡುಗಿ ಶನಿವಾರ ಅಡ್ಮಿಟ್ ಆದಳು. ಸೋಮವಾರಕ್ಕೆ ಆಸ್ಪತ್ರೆಯ ಮೂರನೇ ದಿನ, ಆದರೆ ಕಾಯಿಲೆಯ ಏಳನೇ ದಿನ. ಜಿಲ್ಲಾ ಆಸ್ಪತ್ರೆಗೆ ಕಳುಹಿಸುವಾಗ ಇವೆರಡು ಅದಲುಬದಲಾದರೆ ಅಲ್ಲಿನವರು ಸೋರಿಕೆ ಈಗಷ್ಟೇ ಶುರುವಾಗಿದೆ ಅಂತ ತಿಳಿಯಬಹುದು. ಏಳನೇ ದಿನಕ್ಕೆ ಹುಡುಗಿಗೆ ಹಸಿವಾಗಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ, ಹೊರಗೆ ಹೋದ ನೀರು ವಾಪಸ್ ಬರುತ್ತಿದೆ ಅಂತ ಅರ್ಥ. ಆಗ ಡಾಕ್ಟರು ಡ್ರಿಪ್ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ಡ್ರಿಪ್ ಜಾಸ್ತಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗುತ್ತದೆ.

ಮೂರನೆಯದು, ಒಂದೇ ಮನೆಯಲ್ಲಿ ಇಬ್ಬರಿಗೆ ಜ್ವರ ಬಂದಾಗ. ಅಣ್ಣನಿಗೆ ಆರನೇ ದಿನ ಇರುವಾಗ ತಂಗಿಗೆ ಮೂರನೇ ದಿನ ಇರಬಹುದು. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಇರಲಿ.

ನಾಲ್ಕನೆಯದು, ತಾರೀಖೇ ನೆನಪಿಲ್ಲದಿರುವುದು. ಆಗ ಕ್ಯಾಲೆಂಡರಿನ ಬದಲು ಕೆಲಸವನ್ನು ನೆನಪು ಮಾಡಿಸಿ. "ಸಂತೆಯ ದಿನ ಚೆನ್ನಾಗಿದ್ದಳಾ? ಸಂಘದ ಮೀಟಿಂಗ್ ದಿನ ಮೈ ಬಿಸಿ ಇತ್ತಾ? ಶಾಲೆಗೆ ಕೊನೆಗೆ ಹೋದದ್ದು ಯಾವಾಗ?" ಅಂತ ಕೇಳಿದರೆ ತಾರೀಖು ಹೊರಬರುತ್ತದೆ. ಆದರೂ ಖಚಿತವಿಲ್ಲದಿದ್ದರೆ "8 ಅಥವಾ 9" ಅಂತಲೇ ಹೇಳಿ. ಅಂದಾಜಿಗೆ ಒಂದೇ ತಾರೀಖು ಹೇಳಿದರೆ ಡಾಕ್ಟರು ಅದನ್ನೇ ನಂಬುತ್ತಾರೆ.

ಎಲ್ಲ ಕಡೆ ಒಂದರಿಂದ ಎಣಿಸುವುದಿಲ್ಲ

ಈ ಲೆಕ್ಕವನ್ನು ನಾಯಿ ಕಚ್ಚಿದಾಗ ಹಾಕುವ ಲಸಿಕೆಗೆ ಬಳಸಬೇಡಿ. ಚರ್ಮದೊಳಗೆ ಕೊಡುವ ಲಸಿಕೆಯ ಕಾರ್ಡಿನಲ್ಲಿ 0, 3, 7, 28 ಅಂತ ಇರುತ್ತದೆ. ಅಲ್ಲಿ ಮೊದಲ ಡೋಸ್ ತೆಗೆದುಕೊಂಡ ದಿನವೇ ಸೊನ್ನೆ. ಸೋಮವಾರ ಮೊದಲ ಡೋಸ್ ಆದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ. ಅದು ಬಡ್ಡಿ ಲೆಕ್ಕದ ಹಾಗೆ. ಯಾವ ಕಾಗದದಲ್ಲೇ ಆಗಲಿ ದಿನದ ಅಂಕಿ ಕಂಡರೆ, ಮೊದಲ ದಿನಕ್ಕೆ ಸೊನ್ನೆ ಇಟ್ಟಿದ್ದಾರೋ ಒಂದು ಇಟ್ಟಿದ್ದಾರೋ ಅಂತ ಮೊದಲು ನೋಡಿ.

ಚೀಟಿಯಲ್ಲಿ ಏನು ಬರೆಯಬೇಕು

ಇಷ್ಟೆಲ್ಲ ಹೇಳಿದ ಮೇಲೆ ಸುಲಭದ ದಾರಿ ಒಂದಿದೆ. ಡಾಕ್ಟರಿಗೆ ದಿನದ ಸಂಖ್ಯೆಗಿಂತ ಮೊದಲು ತಾರೀಖು ಹೇಳಿ. "ಮೂರು ದಿನದಿಂದ ಜ್ವರ" ಅಂತ ಗುರುವಾರ ಬರೆದ ಚೀಟಿಯನ್ನು ಶನಿವಾರ ಇನ್ನೊಬ್ಬರು ಓದಿದರೆ ಅವರಿಗೂ ಮೂರೇ ದಿನ ಅಂತ ಕಾಣುತ್ತದೆ. "ಜುಲೈ 8ರಿಂದ" ಅಂತ ಬರೆದರೆ ಯಾವ ದಿನ ಯಾರು ಓದಿದರೂ ಲೆಕ್ಕ ಸರಿ ಬರುತ್ತದೆ. ಕೆಲವು ಡಾಕ್ಟರು ಮೂರು ದಿನ ಎನ್ನುವುದನ್ನು 3/7 ಅಂತ ಬರೆಯುವುದುಂಟು, ವಾರದ ಏಳು ದಿನದಲ್ಲಿ ಮೂರು ಅಂತ ಅರ್ಥ. ಅದನ್ನು ಜುಲೈ 3 ಅಂತ ಓದಿಕೊಳ್ಳಬೇಡಿ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಒಂದು ಹಾಳೆಯಲ್ಲಿ ಹೀಗೆ ಬರೆದು ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯಿರಿ. ಬರೆಯಲು ಬಾರದವರಿಗೆ ಸಂಘದ ಲೆಕ್ಕ ಬರೆಯುವವರು ಬರೆದುಕೊಡಲಿ.

ಜ್ವರ ಶುರುವಾದದ್ದು: ಜುಲೈ 8, ಮಂಗಳವಾರ, ರಾತ್ರಿ 9.30 (ಒಂದನೇ ದಿನ)
ಇವತ್ತು: ಜುಲೈ 12, ಶನಿವಾರ (ಐದನೇ ದಿನ)
ಕೊನೆಯ ಸಲ ಮೈ ಬಿಸಿ ಇದ್ದದ್ದು: ಶುಕ್ರವಾರ ರಾತ್ರಿ 11 ಗಂಟೆ
ಕೊನೆಯ ಪ್ಯಾರಾಸಿಟಮಾಲ್: ಶುಕ್ರವಾರ ರಾತ್ರಿ 8 ಗಂಟೆ
ಕೊನೆಯ ಸಲ ಮೂತ್ರ ಹೋದದ್ದು: ಶನಿವಾರ ಬೆಳಿಗ್ಗೆ 6 ಗಂಟೆ
ಹೊಸ ತೊಂದರೆ: ಬೆಳಿಗ್ಗೆಯಿಂದ ಹೊಟ್ಟೆನೋವು, ಎರಡು ಸಲ ವಾಂತಿ

ಹಿಂದಿನ ರಕ್ತಪರೀಕ್ಷೆಯ ಕಾಗದ ಇದ್ದರೆ ಅದನ್ನೂ ಇದರ ಜೊತೆ ಪಿನ್ ಮಾಡಿ, ಮೇಲೆ ಆ ದಿನ ಕಾಯಿಲೆಯ ಎಷ್ಟನೇ ದಿನ ಆಗಿತ್ತು ಅಂತ ಬರೆಯಿರಿ. ಮೂರನೇ ದಿನದ ಪ್ಲೇಟ್‌ಲೆಟ್ಟನ್ನೂ ಐದನೇ ದಿನದ್ದನ್ನೂ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಡಾಕ್ಟರಿಗೆ ಮಗು ಯಾವ ದಾರಿಯಲ್ಲಿದೆ ಅಂತ ಕಾಣುತ್ತದೆ.